ಸಂಪಾದಿತ ಗ್ರಂಥದ ಒಂದು ಲೇಖನ, ಇಡೀ ಗ್ರಂಥ: ಉಲ್ಲೇಖದಲ್ಲಿ ಯಾರ ಹೆಸರು ಮೊದಲು ಬರಬೇಕು?

ಧಾರವಾಡದಲ್ಲಿ ಕನ್ನಡ, ಇತಿಹಾಸ ಅಥವಾ ಜಾನಪದದಲ್ಲಿ ಸಂಶೋಧನೆ ಮಾಡುವವರ ಮೇಜಿನ ಮೇಲಿರುವ ಪುಸ್ತಕಗಳಲ್ಲಿ ದೊಡ್ಡ ಪಾಲು ಸಂಪಾದಿತ ಗ್ರಂಥಗಳದು. ಅಭಿನಂದನ ಗ್ರಂಥಗಳು, ವಿಚಾರ ಸಂಕಿರಣಗಳ ಪ್ರಬಂಧ ಸಂಪುಟಗಳು, ಗದುಗಿನ ತೋಂಟದಾರ್ಯ ಮಠದ ವೀರಶೈವ ಅಧ್ಯಯನ ಸಂಸ್ಥೆ ಹೊರತಂದಂಥ ಪ್ರಕಟಣೆಗಳು, ಇವುಗಳಲ್ಲಿ ಹಲವನ್ನು ಒಬ್ಬಿಬ್ಬರು ಸಂಪಾದಿಸಿರುತ್ತಾರೆ, ಒಳಗಿನ ಲೇಖನಗಳನ್ನು ಬೇರೆ ಬೇರೆ ವಿದ್ವಾಂಸರು ಬರೆದಿರುತ್ತಾರೆ. ಇಂಥ ಪುಸ್ತಕದಿಂದ ಒಂದು ಮಾತನ್ನು ಎತ್ತಿಕೊಂಡು ಮಹಾಪ್ರಬಂಧದ ಗ್ರಂಥಋಣ ಪಟ್ಟಿಯಲ್ಲಿ ಬರೆಯುವಾಗ, ರಕ್ಷಾಪುಟದ ಮೇಲೆ ಕಾಣುವ ಸಂಪಾದಕರ ಹೆಸರನ್ನೇ ಲೇಖಕರ ಸ್ಥಾನದಲ್ಲಿ ಇಡುವುದು ಬಹಳ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದಾಗ ಮಾತನ್ನು ನಿಜವಾಗಿ ಬರೆದವರ ಹೆಸರು ಪಟ್ಟಿಯಲ್ಲಿ ಎಲ್ಲಿಯೂ ಉಳಿಯುವುದಿಲ್ಲ, ಸಂಪಾದಕರು ಹೇಳದ ಮಾತು ಅವರ ತಲೆಗೆ ಬರುತ್ತದೆ.

ನಿಯಮ ಚಿಕ್ಕದು. ನೀವು ಒಂದು ಲೇಖನವನ್ನು ಬಳಸಿದ್ದರೆ ಪಟ್ಟಿಯ ನಮೂದು ಆ ಲೇಖನದ ಲೇಖಕರ ಹೆಸರಿನಿಂದ ಆರಂಭವಾಗಬೇಕು, ಸಂಪಾದಕರ ಹೆಸರು ಪುಸ್ತಕದ ಜೊತೆಗೆ, ನಡುವಿನಲ್ಲಿ ಬರಬೇಕು. ಗ್ರಂಥವನ್ನು ಒಟ್ಟಾರೆಯಾಗಿ, ಅಂದರೆ ಅದರ ಯೋಜನೆ, ಲೇಖನಗಳ ಆಯ್ಕೆ, ಅದು ಒಂದು ಚರ್ಚೆಗೆ ಕೊಟ್ಟ ತಿರುವು ಇವುಗಳ ದೃಷ್ಟಿಯಿಂದ ಪ್ರಸ್ತಾಪಿಸಿದ್ದರೆ ಮಾತ್ರ ಸಂಪಾದಕರ ಹೆಸರು ಮೊದಲು ಬರಬೇಕು. ತೊಡಕುಗಳು ಹುಟ್ಟುವುದು ಈ ನಿಯಮವನ್ನು ನಿಜವಾದ ಪುಸ್ತಕಕ್ಕೆ ಹಚ್ಚುವಾಗ. ಆದ್ದರಿಂದ ಒಂದೇ ಲೇಖನ ಎರಡು ಪುಸ್ತಕಗಳಲ್ಲಿ ಬಂದಿರುವ ಒಂದು ಪ್ರಕರಣವನ್ನು ಹಿಡಿದು ಹಂತ ಹಂತವಾಗಿ ನೋಡೋಣ.

ಬರೆಯುವ ಮುಂಚೆ: ಯಾವ ಪುಟಗಳನ್ನು ನೋಡಬೇಕು

ಗ್ರಂಥಾಲಯದಲ್ಲಿ ಲೇಖನದ ಪುಟಗಳನ್ನಷ್ಟೇ ಝೆರಾಕ್ಸ್ ಮಾಡಿಸಿಕೊಂಡು ಬರುವ ರೂಢಿ ಮುಂದೆ ಬರುವ ಬಹುತೇಕ ತೊಂದರೆಗಳ ಮೂಲ. ಲೇಖನದ ಜೊತೆಗೆ ಇನ್ನೂ ಮೂರು ಪುಟಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು: ಶೀರ್ಷಿಕೆ ಪುಟ, ಅದರ ಹಿಂಬದಿಯ ಮುದ್ರಣ ವಿವರಗಳ ಪುಟ ಮತ್ತು ಪರಿವಿಡಿ. ಸಂಪಾದಕರ ಹೆಸರನ್ನು ಶೀರ್ಷಿಕೆ ಪುಟದಿಂದಲೇ ತೆಗೆದುಕೊಳ್ಳಬೇಕು, ರಕ್ಷಾಪುಟದಿಂದಲ್ಲ, ಏಕೆಂದರೆ ಅಭಿನಂದನ ಗ್ರಂಥಗಳ ರಕ್ಷಾಪುಟದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರುವುದು ಅಭಿನಂದಿತರ ಹೆಸರು, ಮತ್ತು ಅವರು ಆ ಪುಸ್ತಕದ ಲೇಖಕರೂ ಅಲ್ಲ, ಸಂಪಾದಕರೂ ಅಲ್ಲ. ವರ್ಷವನ್ನು ಹಿಂಬದಿಯ ಪುಟದಿಂದ ತೆಗೆದುಕೊಳ್ಳುವಾಗ ನಿಮ್ಮ ಕೈಯಲ್ಲಿರುವುದು ಎಷ್ಟನೆಯ ಮುದ್ರಣ ಎಂಬುದನ್ನೂ ಗಮನಿಸಬೇಕು. ಪರಿವಿಡಿಯಿಂದ ಲೇಖನದ ಪೂರ್ಣ ಶೀರ್ಷಿಕೆ, ಲೇಖಕರ ಹೆಸರು ಮತ್ತು ಆರಂಭದ ಪುಟ ಸಿಗುತ್ತವೆ, ಆದರೆ ಕೊನೆಯ ಪುಟ ಸಿಗುವುದಿಲ್ಲ. ಮುಂದಿನ ಲೇಖನ ಆರಂಭವಾಗುವ ಪುಟದಿಂದ ಒಂದನ್ನು ಕಳೆದು ಬರೆಯುವವರಿದ್ದಾರೆ. ನಡುವೆ ಖಾಲಿ ಪುಟವೋ ಚಿತ್ರಪುಟವೋ ಇದ್ದರೆ ಆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಲೇಖನದ ಕೊನೆಯ ಪುಟವನ್ನು ಕಣ್ಣಿನಿಂದ ನೋಡಿಯೇ ಬರೆಯುವುದು ಒಳ್ಳೆಯದು.

ಒಂದು ಲೇಖನ, ಎರಡು ಪುಸ್ತಕ

ಎ. ಕೆ. ರಾಮಾನುಜನ್ ಅವರ ‘ತ್ರೀ ಹಂಡ್ರೆಡ್ ರಾಮಾಯಣಾಸ್’ ಎಂಬ ಇಂಗ್ಲಿಷ್ ಪ್ರಬಂಧ ಕನ್ನಡದ ಜನಪದ ರಾಮಾಯಣವನ್ನೂ ಚರ್ಚಿಸುವುದರಿಂದ ನಮ್ಮ ಜಾನಪದ ವಿದ್ಯಾರ್ಥಿಗಳು ಅದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅದನ್ನು ಪಠ್ಯದಿಂದ ಕೈಬಿಟ್ಟಾಗ ಎದ್ದ ವಿವಾದದಿಂದ ಅದು ಇನ್ನಷ್ಟು ಕೈಗಳಿಗೆ ತಲುಪಿತು. ಈ ಪ್ರಬಂಧ ಪೌಲಾ ರಿಚ್‌ಮನ್ ಸಂಪಾದಿಸಿದ, 1991ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿದ ಗ್ರಂಥದಲ್ಲಿ 22ರಿಂದ 49ನೆಯ ಪುಟದವರೆಗೆ ಇದೆ. ಆ ಗ್ರಂಥದಲ್ಲಿ ಅನೇಕ ವಿದ್ವಾಂಸರ ಲೇಖನಗಳಿದ್ದು, ರಾಮಾನುಜನ್ ಅವರದು ಅವುಗಳಲ್ಲಿ ಒಂದು. ಕೆಳಗಿನ ನಮೂದುಗಳನ್ನು ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ನಿಮ್ಮ ಪಟ್ಟಿಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ಮೂಲ ಲಿಪಿಯಲ್ಲಿ ಬರೆಯುವುದೇ ಸರಿ.

ಭಾಷೆ ಮತ್ತು ಸಾಹಿತ್ಯ ವಿಭಾಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಂಎಲ್‌ಎ ಶೈಲಿಯ ಒಂಬತ್ತನೆಯ ಆವೃತ್ತಿಯ ಪ್ರಕಾರ ಲೇಖನದ ನಮೂದು ಹೀಗಿರುತ್ತದೆ:

ರಾಮಾನುಜನ್, ಎ. ಕೆ. “ತ್ರೀ ಹಂಡ್ರೆಡ್ ರಾಮಾಯಣಾಸ್: ಫೈವ್ ಎಕ್ಸಾಂಪಲ್ಸ್ ಆ್ಯಂಡ್ ತ್ರೀ ಥಾಟ್ಸ್ ಆನ್ ಟ್ರಾನ್ಸ್‌ಲೇಶನ್.” *ಮೆನಿ ರಾಮಾಯಣಾಸ್: ದ ಡೈವರ್ಸಿಟಿ ಆಫ್ ಎ ನ್ಯಾರೇಟಿವ್ ಟ್ರೆಡಿಶನ್ ಇನ್ ಸೌತ್ ಏಷ್ಯಾ*, ಸಂಪಾದಕರು ಪೌಲಾ ರಿಚ್‌ಮನ್, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರೆಸ್, 1991, ಪು. 22–49.

ಇಲ್ಲಿ ಎರಡು ಸಂಗತಿಗಳನ್ನು ನಿಧಾನವಾಗಿ ನೋಡಬೇಕು. ಲೇಖಕರ ಹೆಸರು ತಿರುವುಮುರುವಾಗಿದೆ, ಏಕೆಂದರೆ ಪಟ್ಟಿ ಅಕಾರಾದಿಯಲ್ಲಿ ಜೋಡಣೆಯಾಗುವುದು ಆ ಹೆಸರಿನಿಂದ. ಸಂಪಾದಕರ ಹೆಸರು ಮಾತ್ರ ನಾವು ಬಾಯಲ್ಲಿ ಹೇಳುವ ಕ್ರಮದಲ್ಲಿಯೇ ಇದೆ, ಏಕೆಂದರೆ ನಡುವಿನಲ್ಲಿ ಬಂದ ಹೆಸರಿನಿಂದ ಯಾರೂ ಪಟ್ಟಿಯನ್ನು ಹುಡುಕುವುದಿಲ್ಲ. ‘ರಿಚ್‌ಮನ್, ಪೌಲಾ’ ಎಂದು ನಡುವೆ ಬರೆದರೆ ಅಲ್ಪವಿರಾಮಗಳ ಗೊಂದಲದಲ್ಲಿ ಇಬ್ಬರು ಸಂಪಾದಕರಿದ್ದಾರೆಂಬ ಭಾವನೆ ಬರುತ್ತದೆ. ಎರಡನೆಯದಾಗಿ, ಉದ್ಧರಣ ಚಿಹ್ನೆಯೊಳಗೆ ಇರುವುದು ಲೇಖನದ ಹೆಸರು, ಓರೆ ಅಕ್ಷರದಲ್ಲಿರುವುದು ಪುಸ್ತಕದ ಹೆಸರು. ಕೆಲವು ಕನ್ನಡ ಫಾಂಟುಗಳಲ್ಲಿ ಓರೆ ಅಕ್ಷರ ಅಂದವಾಗಿ ಕಾಣುವುದಿಲ್ಲವೆಂದು ವಿಭಾಗದವರು ದಪ್ಪ ಅಕ್ಷರ ಬಳಸಲು ಹೇಳಿದರೆ ಹಾಗೆಯೇ ಮಾಡಬಹುದು, ಆದರೆ ಮೊದಲ ನಮೂದಿನಿಂದ ಕೊನೆಯದರವರೆಗೆ ಒಂದೇ ಕ್ರಮ ಇರಬೇಕು.

ಅದೇ ಗ್ರಂಥವನ್ನು ಒಟ್ಟಾರೆಯಾಗಿ ಉಲ್ಲೇಖಿಸಿದರೆ ನಮೂದು ಬದಲಾಗುತ್ತದೆ:

ರಿಚ್‌ಮನ್, ಪೌಲಾ, ಸಂಪಾದಕರು. *ಮೆನಿ ರಾಮಾಯಣಾಸ್: ದ ಡೈವರ್ಸಿಟಿ ಆಫ್ ಎ ನ್ಯಾರೇಟಿವ್ ಟ್ರೆಡಿಶನ್ ಇನ್ ಸೌತ್ ಏಷ್ಯಾ*. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರೆಸ್, 1991.

ಈಗ ಸಂಪಾದಕರ ಹೆಸರು ಮೊದಲು ಬಂದಿರುವುದರಿಂದ ಅದು ತಿರುವುಮುರುವಾಗಿದೆ, ಹೆಸರಿನ ಮುಂದೆ ಅವರ ಪಾತ್ರವನ್ನು ಹೇಳಿದೆ, ಪುಟಸಂಖ್ಯೆ ಇಲ್ಲ. ‘ಸಂಪಾದಕರು’ ಎಂಬ ಪದವನ್ನು ಇಲ್ಲಿ ಬಿಟ್ಟರೆ ಇಡೀ ಗ್ರಂಥವನ್ನು ರಿಚ್‌ಮನ್ ಅವರೇ ಬರೆದರೆಂದು ಆಗುತ್ತದೆ.

ಸಮಾಜವಿಜ್ಞಾನ ಮತ್ತು ಶಿಕ್ಷಣ ವಿಭಾಗಗಳವರು ಕೇಳುವ ಎಪಿಎ ಶೈಲಿಯ ಏಳನೆಯ ಆವೃತ್ತಿಯಲ್ಲಿ ವರ್ಷ ಲೇಖಕರ ಹೆಸರಿನ ಬೆನ್ನಿಗೇ ಬರುತ್ತದೆ, ಲೇಖನದ ಹೆಸರಿಗೆ ಉದ್ಧರಣ ಚಿಹ್ನೆ ಇರುವುದಿಲ್ಲ, ಸಂಪಾದಕರ ಮೊದಲ ಹೆಸರು ಬರಿಯ ಇನಿಶಿಯಲ್ ಆಗುತ್ತದೆ, ಮತ್ತು ಪುಟಗಳು ಪುಸ್ತಕದ ಹೆಸರಿನ ನಂತರ ಆವರಣದಲ್ಲಿ ನಿಲ್ಲುತ್ತವೆ:

ರಾಮಾನುಜನ್, ಎ. ಕೆ. (1991). ತ್ರೀ ಹಂಡ್ರೆಡ್ ರಾಮಾಯಣಾಸ್: ಫೈವ್ ಎಕ್ಸಾಂಪಲ್ಸ್ ಆ್ಯಂಡ್ ತ್ರೀ ಥಾಟ್ಸ್ ಆನ್ ಟ್ರಾನ್ಸ್‌ಲೇಶನ್. ಇನ್ ಪಿ. ರಿಚ್‌ಮನ್ (ಸಂಪಾ.), *ಮೆನಿ ರಾಮಾಯಣಾಸ್: ದ ಡೈವರ್ಸಿಟಿ ಆಫ್ ಎ ನ್ಯಾರೇಟಿವ್ ಟ್ರೆಡಿಶನ್ ಇನ್ ಸೌತ್ ಏಷ್ಯಾ* (ಪು. 22–49). ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರೆಸ್.

ಇಡೀ ಗ್ರಂಥಕ್ಕೆ ‘ರಿಚ್‌ಮನ್, ಪಿ. (ಸಂಪಾ.). (1991).’ ಎಂದು ಆರಂಭಿಸಿ ಪುಸ್ತಕದ ಹೆಸರು ಮತ್ತು ಪ್ರಕಾಶಕರನ್ನು ಬರೆದರೆ ಸಾಕು. ನಮೂದು ಇಂಗ್ಲಿಷಿನಲ್ಲಿದ್ದಾಗ ‘ಇನ್’ ಎಂಬುದನ್ನು ಬಿಡುವಂತಿಲ್ಲ. ಕನ್ನಡ ಪುಸ್ತಕದ ನಮೂದಿನಲ್ಲಿ ಆ ಸ್ಥಾನಕ್ಕೆ ಸಹಜವಾಗಿ ಕೂಡುವ ಪದವಿಲ್ಲ. ‘(ಸಂಪಾ.)’ ಎಂಬುದೇ ಅರ್ಥವನ್ನು ಸ್ಪಷ್ಟಪಡಿಸುವುದರಿಂದ ಏನನ್ನೂ ಸೇರಿಸದಿರುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಸಂಪಾದಕರಿಗೆ ಬರಿಯ ‘ಸಂ.’ ಎಂದು ಬರೆಯುವ ರೂಢಿ ನಮ್ಮಲ್ಲಿದ್ದರೂ ಅದೇ ‘ಸಂ.’ ಸಂಪುಟಕ್ಕೂ ಸಂಚಿಕೆಗೂ ಬಳಕೆಯಾಗುವುದರಿಂದ, ಸಂಪಾದಕರಿಗೆ ‘ಸಂಪಾ.’ ಎಂದೂ ಸಂಪುಟಕ್ಕೆ ಪೂರ್ತಿಯಾಗಿ ‘ಸಂಪುಟ’ ಎಂದೂ ಬರೆಯುವುದು ಕ್ಷೇಮ.

ಈಗ ಎರಡನೆಯ ಪುಸ್ತಕ. ಇದೇ ಪ್ರಬಂಧ ವಿನಯ್ ಧಾರವಾಡ್ಕರ್ ಸಂಪಾದಕತ್ವದಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1999ರಲ್ಲಿ ಪ್ರಕಟಿಸಿದ ರಾಮಾನುಜನ್ ಅವರ ಸಮಗ್ರ ಪ್ರಬಂಧಗಳ ಸಂಪುಟದಲ್ಲಿಯೂ ಇದೆ, ಅಲ್ಲಿ ಅದರ ಪುಟಗಳು 131ರಿಂದ 160. ಈ ಪುಸ್ತಕದಿಂದ ಓದಿದ್ದರೆ ನಮೂದು ಹೀಗೆ:

ರಾಮಾನುಜನ್, ಎ. ಕೆ. “ತ್ರೀ ಹಂಡ್ರೆಡ್ ರಾಮಾಯಣಾಸ್: ಫೈವ್ ಎಕ್ಸಾಂಪಲ್ಸ್ ಆ್ಯಂಡ್ ತ್ರೀ ಥಾಟ್ಸ್ ಆನ್ ಟ್ರಾನ್ಸ್‌ಲೇಶನ್.” *ದ ಕಲೆಕ್ಟೆಡ್ ಎಸ್ಸೇಸ್ ಆಫ್ ಎ. ಕೆ. ರಾಮಾನುಜನ್*, ಸಂಪಾದಕರು ವಿನಯ್ ಧಾರವಾಡ್ಕರ್, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, 1999, ಪು. 131–60.

ಲೇಖನದ ಮಟ್ಟಿಗೆ ರಚನೆ ಮೊದಲಿನದೇ, ಆದರೆ ಪುಟಸಂಖ್ಯೆ ಮೂರಂಕಿಯದಾದಾಗ ಎಂಎಲ್‌ಎ ಪದ್ಧತಿಯಲ್ಲಿ ಕೊನೆಯ ಪುಟದ ಕೊನೆಯ ಎರಡು ಅಂಕಿಗಳನ್ನಷ್ಟೇ ಬರೆಯುವುದರಿಂದ 160 ಎಂಬುದು 60 ಆಗಿದೆ. ಆದರೆ ಇಡೀ ಪುಸ್ತಕವನ್ನು ಉಲ್ಲೇಖಿಸುವಾಗ ಎರಡೂ ಗ್ರಂಥಗಳು ಬೇರೆಯಾಗುತ್ತವೆ. ಮೊದಲನೆಯದರಲ್ಲಿ ಹಲವು ಲೇಖಕರಿರುವುದರಿಂದ ಇಡೀ ಪುಸ್ತಕದ ನಮೂದು ಸಂಪಾದಕರ ಹೆಸರಿನಿಂದ ಆರಂಭವಾಯಿತು. ಎರಡನೆಯದರಲ್ಲಿರುವ ಪ್ರಬಂಧಗಳು ಒಬ್ಬರವೇ ಆದ್ದರಿಂದ ಇಡೀ ಪುಸ್ತಕಕ್ಕೂ ರಾಮಾನುಜನ್ ಅವರ ಹೆಸರೇ ಮೊದಲು ಬರುತ್ತದೆ, ಧಾರವಾಡ್ಕರ್ ಅವರು ಪುಸ್ತಕದ ಹೆಸರಿನ ನಂತರ ಸಂಪಾದಕರಾಗಿ ಉಳಿಯುತ್ತಾರೆ. ನಮ್ಮ ಹಿರಿಯ ಲೇಖಕರ ‘ಸಮಗ್ರ ಸಾಹಿತ್ಯ’ ಸಂಪುಟಗಳಿಗೆಲ್ಲ ಅನ್ವಯಿಸಬೇಕಾದ ಭೇದ ಇದೇ. ಅವುಗಳನ್ನು ಸಂಪಾದಕರ ಹೆಸರಿನಡಿ ಜೋಡಿಸಿದ ಪಟ್ಟಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅಂಥ ಪಟ್ಟಿಯಲ್ಲಿ ಓದುಗನು ಲೇಖಕರ ಹೆಸರಿನಿಂದ ಹುಡುಕಿದರೆ ಅವರ ಕೃತಿಯೇ ಸಿಗುವುದಿಲ್ಲ.

ಎರಡು ಪುಸ್ತಕಗಳ ವಿವರಗಳನ್ನು ಬೆರೆಸುವುದು ಇನ್ನೊಂದು ಅಪಾಯ. ಓದಿದ್ದು 1999ರ ಸಂಪುಟದಲ್ಲಿ, ಪಟ್ಟಿಯಲ್ಲಿ ಬರೆದದ್ದು ಬೇರೊಬ್ಬರ ಪ್ರಬಂಧದಿಂದ ಎತ್ತಿದ 1991ರ ನಮೂದು ಎಂದಾದರೆ, ಬರಹದೊಳಗೆ ‘ಪು. 145’ ಎಂದಿರುತ್ತದೆ, ಪಟ್ಟಿಯಲ್ಲಿ ‘ಪು. 22–49’ ಎಂದಿರುತ್ತದೆ. ಪರೀಕ್ಷಕರು ಇದನ್ನು ಕ್ಷಣದಲ್ಲಿ ಹಿಡಿಯುತ್ತಾರೆ. ಬರಹದೊಳಗಿನ ಪುಟಸಂಖ್ಯೆ ಪಟ್ಟಿಯ ಪುಟವ್ಯಾಪ್ತಿಯೊಳಗೆ ಬೀಳುತ್ತದೆಯೇ ಎಂದು ನೋಡುವುದೇ ಇದನ್ನು ಪತ್ತೆಮಾಡುವ ಅತಿ ಸರಳ ಪರೀಕ್ಷೆ. ಕೈಯಲ್ಲಿರುವುದು ಯಾವ ಪುಸ್ತಕವೋ ಅದರ ವಿವರಗಳನ್ನೇ ಬರೆಯಬೇಕು, ಮೂಲ ಪ್ರಕಟಣೆ ಹಳೆಯದೆಂಬ ಕಾರಣಕ್ಕೆ ಅದು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆಂದು ಬದಲಾಯಿಸಬಾರದು.

ಸಂಪಾದಕರೆಂದರೆ ಯಾರು

ನಮ್ಮ ಭಾಗದ ಸಂಪುಟಗಳ ಆರಂಭದ ಪುಟಗಳಲ್ಲಿ ಗೌರವ ಸಂಪಾದಕರು, ಪ್ರಧಾನ ಸಂಪಾದಕರು, ಸಂಪಾದಕರು, ಸಂಪಾದಕ ಮಂಡಳಿ, ಸಲಹಾ ಮಂಡಳಿ, ಆಶೀರ್ವಚನ ನೀಡಿದ ಸ್ವಾಮೀಜಿಯವರು ಎಂದು ಹೆಸರುಗಳ ಸಾಲೇ ಇರುತ್ತದೆ. ಇವರಲ್ಲಿ ನಮೂದಿಗೆ ಬರುವವರು ಆ ನಿರ್ದಿಷ್ಟ ಸಂಪುಟದ ಸಂಪಾದಕರೆಂದು ಶೀರ್ಷಿಕೆ ಪುಟದಲ್ಲಿ ಅಚ್ಚಾದವರು. ಸಲಹಾ ಮಂಡಳಿಯವರು, ಆಶೀರ್ವಚನ ಅಥವಾ ಮುನ್ನುಡಿ ಬರೆದವರು ಎಷ್ಟೇ ದೊಡ್ಡವರಾಗಿದ್ದರೂ ಸಂಪಾದಕರ ಸ್ಥಾನಕ್ಕೆ ಬರುವುದಿಲ್ಲ. ಅವರನ್ನು ಬಿಟ್ಟರೆ ಅಗೌರವವಾಗುತ್ತದೆಂಬ ಅಂಜಿಕೆಯಿಂದ ಎಲ್ಲರನ್ನೂ ಸೇರಿಸುವವರಿದ್ದಾರೆ, ಆದರೆ ಗೌರವ ಸಲ್ಲಿಸಲು ಮಹಾಪ್ರಬಂಧದಲ್ಲಿ ಕೃತಜ್ಞತೆಯ ಪುಟ ಬೇರೆಯೇ ಇದೆ.

ಪ್ರಧಾನ ಸಂಪಾದಕರ ವಿಷಯ ಸ್ವಲ್ಪ ಸೂಕ್ಷ್ಮ. ಕರ್ನಾಟಕ ಸರ್ಕಾರ ಪ್ರಕಟಿಸಿದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟ ಯೋಜನೆಗೆ ಎಂ. ಎಂ. ಕಲಬುರ್ಗಿ ಪ್ರಧಾನ ಸಂಪಾದಕರು. ಆದರೆ ಶಿವಶರಣೆಯರ ವಚನಗಳಿರುವ ಐದನೆಯ ಸಂಪುಟವನ್ನು ಸಂಪಾದಿಸಿದವರು ವೀರಣ್ಣ ರಾಜೂರ. ಆ ಸಂಪುಟದಿಂದ ಅಕ್ಕಮಹಾದೇವಿಯ ವಚನವೊಂದನ್ನು ಉದ್ಧರಿಸಿದರೆ ಮೊದಲು ಅಕ್ಕಮಹಾದೇವಿ, ನಂತರ ವಚನದ ಮೊದಲ ಸಾಲು ಅಥವಾ ವಚನ ಸಂಖ್ಯೆ, ನಂತರ ಆ ಸಂಪುಟದ ಹೆಸರು, ಸಂಪಾದಕರಾಗಿ ವೀರಣ್ಣ ರಾಜೂರ, ಬಳಿಕ ಸಂಪುಟ 5 ಎಂದು ಬರಬೇಕು. ಇಡೀ ಯೋಜನೆಯನ್ನು ಕುರಿತು ಮಾತನಾಡುವಾಗ ಮಾತ್ರ ಕಲಬುರ್ಗಿಯವರ ಹೆಸರಿನಡಿ, ಪ್ರಧಾನ ಸಂಪಾದಕರೆಂಬ ವಿವರದೊಂದಿಗೆ ನಮೂದು ಬರೆಯಬಹುದು. ಹದಿನೈದೂ ಸಂಪುಟಗಳನ್ನು ಒಬ್ಬರ ಹೆಸರಿಗೇ ಬರೆದರೆ ಪ್ರತಿ ಸಂಪುಟದ ಪಾಠವನ್ನು ನಿರ್ಧರಿಸಿದವರ ಶ್ರಮ ಕಣ್ಮರೆಯಾಗುತ್ತದೆ.

ಇಬ್ಬರು ಸಂಪಾದಕರಿದ್ದರೆ ಶೀರ್ಷಿಕೆ ಪುಟದಲ್ಲಿರುವ ಕ್ರಮದಲ್ಲಿಯೇ ಇಬ್ಬರ ಹೆಸರನ್ನೂ ಬರೆಯಬೇಕು, ಅಕಾರಾದಿಗೆ ತಿರುಗಿಸಬಾರದು. ಎಂಎಲ್‌ಎ ಪದ್ಧತಿಯಲ್ಲಿ ಮೂವರು ಅಥವಾ ಹೆಚ್ಚಿನವರಿದ್ದರೆ ಮೊದಲನೆಯವರ ನಂತರ ‘ಮತ್ತು ಇತರರು’ ಎಂದರೆ ಸಾಕು. ಎಪಿಎ ಪದ್ಧತಿಯಲ್ಲಿ ಪಟ್ಟಿಯೊಳಗೆ ಇಪ್ಪತ್ತು ಹೆಸರುಗಳವರೆಗೂ ಎಲ್ಲವನ್ನೂ ಬರೆಯಬೇಕಾಗುತ್ತದೆ. ‘ಡಾ.’, ‘ಪ್ರೊ.’, ‘ಶ್ರೀಮತಿ’ ಮೊದಲಾದವು ಎರಡರಲ್ಲೂ ಬೇಡ.

ಹೆಸರನ್ನು ತಿರುಗಿಸುವಾಗ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಇಲ್ಲಿ ಅಡ್ಡಹೆಸರು ಕೊನೆಗೆ ಬರುವುದರಿಂದ ‘ಕಲಬುರ್ಗಿ, ಎಂ. ಎಂ.’, ‘ರಾಜೂರ, ವೀರಣ್ಣ’ ಎಂದು ಬರೆಯುವುದು ಸಲೀಸು. ಹಳೆಯ ಮೈಸೂರಿನ ಕಡೆಯ ಹೆಸರುಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಇರುವುದು ವ್ಯಕ್ತಿಯ ಹೆಸರೇ, ಆದರೂ ‘ಶಿವರುದ್ರಪ್ಪ, ಜಿ. ಎಸ್.’ ಎಂಬಂತೆ ಅದರಡಿಯೇ ಜೋಡಿಸುವುದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಮನೆತನದ ಹೆಸರು ಮೊದಲು ಬರುವ ತೆಲುಗು ಹೆಸರುಗಳಲ್ಲಿ. ರಿಚ್‌ಮನ್ ಅವರ ಗ್ರಂಥದಲ್ಲಿಯೇ 114ರಿಂದ 136ನೆಯ ಪುಟದವರೆಗೆ ಲೇಖನ ಬರೆದಿರುವ ವೆಲ್ಚೇರು ನಾರಾಯಣ ರಾವ್ ಅವರ ಹೆಸರಿನಲ್ಲಿ ವೆಲ್ಚೇರು ಎಂಬುದು ಮನೆತನದ ಹೆಸರು. ಕೊನೆಯ ಪದವನ್ನು ಯಾಂತ್ರಿಕವಾಗಿ ಹಿಡಿದು ‘ರಾವ್’ ಎಂಬುದರಡಿ ಇಟ್ಟರೆ ಅದು ಹತ್ತಾರು ರಾವ್‌ಗಳ ನಡುವೆ ಸೇರಿಹೋಗುತ್ತದೆ. ‘ನಾರಾಯಣ ರಾವ್, ವೆಲ್ಚೇರು’ ಎಂದು ಇಡುವುದು ಲೇಸು.

ಒಂದೇ ಗ್ರಂಥದಿಂದ ಹಲವು ಲೇಖನಗಳು, ಮತ್ತು ಪ್ರಸ್ತಾವನೆ

ಒಂದು ಸಂಪಾದಿತ ಗ್ರಂಥದಿಂದ ಮೂರು ನಾಲ್ಕು ಲೇಖನಗಳನ್ನು ಬಳಸಿದಾಗ ಪುಸ್ತಕದ ವಿವರಗಳನ್ನು ಪ್ರತಿ ಸಲವೂ ಬರೆಯುವುದನ್ನು ತಪ್ಪಿಸಲು ಎಂಎಲ್‌ಎ ಅವಕಾಶ ಕೊಡುತ್ತದೆ. ಸಂಪಾದಕರ ಹೆಸರಿನಡಿ ಇಡೀ ಗ್ರಂಥದ ನಮೂದನ್ನು ಒಮ್ಮೆ ಬರೆದು, ಪ್ರತಿ ಲೇಖನಕ್ಕೆ ಚಿಕ್ಕ ನಮೂದು ಕೊಡಬಹುದು:

ನಾರಾಯಣ ರಾವ್, ವೆಲ್ಚೇರು. “ಎ ರಾಮಾಯಣ ಆಫ್ ದೇರ್ ಓನ್: ವಿಮೆನ್ಸ್ ಓರಲ್ ಟ್ರೆಡಿಶನ್ ಇನ್ ತೆಲುಗು.” ರಿಚ್‌ಮನ್, ಪು. 114–36.

ಇಲ್ಲಿ ‘ರಿಚ್‌ಮನ್’ ಎಂಬುದು ಓದುಗನನ್ನು ಪಟ್ಟಿಯ ಇನ್ನೊಂದು ನಮೂದಿಗೆ ಕಳಿಸುತ್ತದೆ, ಆದ್ದರಿಂದ ಆ ನಮೂದು ಪಟ್ಟಿಯಲ್ಲಿ ಇರಲೇಬೇಕು. ಎಪಿಎಯಲ್ಲಿ ಈ ಸೌಲಭ್ಯವಿಲ್ಲ, ಪ್ರತಿ ಲೇಖನಕ್ಕೂ ಪೂರ್ಣ ನಮೂದು ಬೇಕು. ಸಂಪಾದಕರು ತಾವೇ ಬರೆದ ಪ್ರಸ್ತಾವನೆಯನ್ನು ಉದ್ಧರಿಸಿದರೆ ಅದನ್ನೂ ಒಂದು ಲೇಖನವೆಂದೇ ಪರಿಗಣಿಸಬೇಕು: ಮೊದಲು ಅವರ ಹೆಸರು ಲೇಖಕರಾಗಿ, ಪುಸ್ತಕದ ನಂತರ ಅವರೇ ಸಂಪಾದಕರಾಗಿ, ಜೊತೆಗೆ ಪ್ರಸ್ತಾವನೆಯ ಪುಟಗಳು. ಹೆಸರು ಎರಡು ಸಲ ಬಂತೆಂದು ಒಂದನ್ನು ಅಳಿಸಬಾರದು.

ಬರಹದೊಳಗಿನ ಆವರಣದಲ್ಲಿ ಸಂಪಾದಕರಿಗೆ ಜಾಗವಿಲ್ಲ. ರಾಮಾನುಜನ್ ಅವರ ಪ್ರಬಂಧದ 35ನೆಯ ಪುಟವನ್ನು ಬಳಸಿದ್ದರೆ ಎಂಎಲ್‌ಎಯಲ್ಲಿ (ರಾಮಾನುಜನ್ 35), ಎಪಿಎಯಲ್ಲಿ (ರಾಮಾನುಜನ್, 1991, ಪು. 35). ಇಡೀ ಗ್ರಂಥದ ಬಗ್ಗೆ ಮಾತನಾಡಿದ ವಾಕ್ಯದ ಕೊನೆಗೆ ಮಾತ್ರ (ರಿಚ್‌ಮನ್) ಅಥವಾ (ರಿಚ್‌ಮನ್, 1991).

ಊರಿನ ಹೆಸರಿನ ಬಗ್ಗೆ ಒಂದು ಮಾತು. ಎಂಎಲ್‌ಎ ಮತ್ತು ಎಪಿಎಯ ಈಗಿನ ಆವೃತ್ತಿಗಳು ಪ್ರಕಟಣೆಯ ಸ್ಥಳವನ್ನು ಕೇಳುವುದಿಲ್ಲ. ಆದರೆ ಗದಗ, ಹಾವೇರಿಯಂಥ ಕಡೆಗಳ ಚಿಕ್ಕ ಪ್ರಕಾಶನಗಳ ಪುಸ್ತಕವನ್ನು ಊರಿನ ಹೆಸರಿಲ್ಲದೆ ಹುಡುಕುವುದು ಕಷ್ಟ. ವಿಭಾಗದವರು ಬೇಡವೆನ್ನದಿದ್ದರೆ ಅಂಥ ಪುಸ್ತಕಗಳಿಗೆ ಊರನ್ನು ಉಳಿಸಿಕೊಳ್ಳುವುದು ಓದುಗನಿಗೆ ಉಪಕಾರ.

ಝೊಟೆರೊ ಬಳಸುವವರಿಗೆ

ಝೊಟೆರೊ ತಂತ್ರಾಂಶದಲ್ಲಿ ಇಡೀ ಪುಸ್ತಕಕ್ಕೆ `Book`, ಲೇಖನಕ್ಕೆ `Book Section` ಎಂಬ ಪ್ರಕಾರವನ್ನು ಆಯ್ಕೆ ಮಾಡಬೇಕು. ಗ್ರಂಥಾಲಯದ ಸೂಚಿಯಿಂದ ನೇರವಾಗಿ ಇಳಿಸಿಕೊಂಡ ವಿವರ ಸಾಮಾನ್ಯವಾಗಿ `Book` ಆಗಿ ಬರುವುದರಿಂದ ಅದನ್ನು ಬದಲಾಯಿಸುವುದು ನಿಮ್ಮ ಕೆಲಸ. ಬದಲಾಯಿಸಿದ ನಂತರ `Title` ಎಂಬಲ್ಲಿ ಲೇಖನದ ಹೆಸರು, `Book Title` ಎಂಬಲ್ಲಿ ಪುಸ್ತಕದ ಹೆಸರು, `Pages` ಎಂಬಲ್ಲಿ ಪುಟವ್ಯಾಪ್ತಿ ಬರೆಯಬೇಕು. ಸಂಪಾದಕರ ಹೆಸರು `Author` ಎಂದು ಕುಳಿತಿದ್ದರೆ ಆ ಪದದ ಮೇಲೆ ಒತ್ತಿ `Editor` ಎಂದು ಬದಲಾಯಿಸಿ, ಲೇಖಕರ ಹೆಸರನ್ನು ಹೊಸ ಸಾಲಿನಲ್ಲಿ ಸೇರಿಸಬೇಕು. ಪಟ್ಟಿ ತಯಾರಾದಾಗ ನಮೂದಿನಲ್ಲಿ ಪುಟಗಳು ಕಾಣದಿದ್ದರೆ, ಅಥವಾ ಲೇಖನದ ಹೆಸರೇ ಓರೆ ಅಕ್ಷರದಲ್ಲಿ ಬಂದರೆ, ಪ್ರಕಾರ ಇನ್ನೂ `Book` ಎಂದೇ ಉಳಿದಿದೆ ಎಂದು ತಿಳಿಯಬೇಕು. ಶೈಲಿಯ ಭಾಷೆ ಇಂಗ್ಲಿಷ್ ಆಗಿದ್ದಾಗ ಕನ್ನಡ ಪುಸ್ತಕಗಳ ನಡುವೆಯೂ ಸಂಪಾದಕರ ಸೂಚನೆ ಇಂಗ್ಲಿಷಿನಲ್ಲಿಯೇ ಬರುತ್ತದೆ. ಅದನ್ನು ಪಟ್ಟಿ ಅಂತಿಮವಾದ ಮೇಲೆ ಕೈಯಿಂದ ತಿದ್ದಬೇಕು, ಮೊದಲೇ ತಿದ್ದಿದರೆ ಮುಂದಿನ ಸಲ ಪಟ್ಟಿ ಹೊಸದಾಗಿ ಮೂಡುವಾಗ ತಿದ್ದುಪಡಿ ಅಳಿಸಿಹೋಗುತ್ತದೆ.

ಒಪ್ಪಿಸುವ ಮುಂಚೆ ಕಡತದಲ್ಲಿ ‘ಸಂಪಾ’ ಎಂದು ಹುಡುಕಿ, ಅದು ಸಿಕ್ಕ ಪ್ರತಿ ನಮೂದಿನಲ್ಲಿಯೂ ಎರಡನ್ನು ಪರಿಶೀಲಿಸಬೇಕು. ಸಂಪಾದಕರದೇ ಪ್ರಸ್ತಾವನೆಯ ನಮೂದನ್ನು ಬಿಟ್ಟು, ಸಂಪಾದಕರ ಹೆಸರು ಮೊದಲು ಬಂದಿರುವ ನಮೂದಿನಲ್ಲಿ ಪುಟವ್ಯಾಪ್ತಿ ಇದ್ದರೆ, ಅದು ಲೇಖನದ ಉಲ್ಲೇಖವಾಗಿದ್ದು ಲೇಖಕರು ಬಿಟ್ಟುಹೋಗಿದ್ದಾರೆ ಎಂದರ್ಥ, ಪರಿವಿಡಿಯ ಫೋಟೋ ತೆಗೆದು ಹೆಸರನ್ನು ಸೇರಿಸಬೇಕು. ಸಂಪಾದಕರ ಹೆಸರು ನಡುವೆ ಬಂದಿರುವ ನಮೂದಿನಲ್ಲಿ ಪುಟಗಳಿಲ್ಲದಿದ್ದರೆ, ಅದು ಒಬ್ಬರೇ ಲೇಖಕರ ಸಮಗ್ರ ಸಂಪುಟವೋ, ಪುಟ ಬರೆಯಲು ಮರೆತ ಲೇಖನವೋ ಎಂಬುದನ್ನು ಶೀರ್ಷಿಕೆ ಪುಟದ ಫೋಟೋ ನೋಡಿ ತೀರ್ಮಾನಿಸಬೇಕು.